ಅಪ್‌ಡೇಟ್: ಬಿಪಿ ಮಷೀನ್ ಸರಿ, ಪಟ್ಟಿ ಚಿಕ್ಕದು

ನನ್ನ ಪ್ರಶ್ನೆ: "ಅಮ್ಮನ ತೋಳು ಸ್ವಲ್ಪ ದಪ್ಪ. ಮನೆಯ ಮಷೀನ್‌ನಲ್ಲಿ ಬಿಪಿ ಯಾವಾಗಲೂ ಜಾಸ್ತಿ ತೋರಿಸುತ್ತೆ. ಹೊಸ ಮಷೀನ್ ತಗೋಬೇಕಾ?"

ಬೇಕಾಗಲಿಲ್ಲ, ತೋಳುಪಟ್ಟಿ ಬದಲಿಸಿದೆವು. ನೀವು ಹೇಳಿದಂತೆ ಭುಜದ ತುದಿಯ ಮೂಳೆಗೂ ಮೊಣಕೈಗೂ ನಡುಮಧ್ಯದಲ್ಲಿ, ಬರಿ ತೋಳಿಗೆ ಟೈಲರ್ ಟೇಪ್ ಸುತ್ತಿದಾಗ 35 ಸೆಂ.ಮೀ. ಬಂತು. ಮಷೀನ್ ಜೊತೆ ಬಂದ ಪಟ್ಟಿಯ ಮೇಲೆ ಅಚ್ಚಾಗಿದ್ದದ್ದು 22–32. ಚಿಕ್ಕ ಪಟ್ಟಿಯ ಒಳಗಿನ ಗಾಳಿಚೀಲ ತೋಳನ್ನು ಸಾಕಷ್ಟು ಸುತ್ತುವುದಿಲ್ಲ. ರಕ್ತನಾಳ ಒತ್ತಲು ಹೆಚ್ಚು ಒತ್ತಡ ಬೇಕಾಗಿ, ಅದೇ ಬಿಪಿ ಅಂತ ಮಷೀನ್ ತೋರಿಸುತ್ತದೆ. ಒಂದು ಸೈಜ್ ಚಿಕ್ಕದಾದರೆ ಮೇಲಿನ ಅಂಕಿ ಸರಾಸರಿ 5ರಷ್ಟು, ಎರಡು ಸೈಜ್ ಚಿಕ್ಕದಾದರೆ 20ರ ಹತ್ತಿರ ಏರಬಹುದು. ಮಾತ್ರೆಯ ಡೋಸ್ ಬದಲಾಗಲು ಅಷ್ಟು ಸಾಕು!

ಕೊಂಡದ್ದು ಅದೇ ಕಂಪನಿಯ, ಅದೇ ಮಾಡೆಲ್‌ಗೆ ಹೊಂದುವ 22–42ರ ಪಟ್ಟಿ. ಅಗ್ಗದ ಬೇರೆ ಪಟ್ಟಿಯ ಪಿನ್ ಕೂತರೂ ಬೇಡ. ಮಷೀನಿನ ಲೆಕ್ಕಾಚಾರ ತನ್ನದೇ ಪಟ್ಟಿಗೆ ಹೊಂದಿಸಿದ್ದು.

ಹೊಸದಾಗಿ ಮಷೀನ್ ಕೊಳ್ಳುವವರು, ನಿಖರತೆ ಪರೀಕ್ಷೆಯಾದ ಬಿಪಿ ಮಷೀನ್‌ಗಳ ಹೆಸರು ಕೊಡುವ stridebp.org ವೆಬ್‌ಸೈಟಿನಲ್ಲಿ ಪೂರ್ತಿ ಮಾಡೆಲ್ ನಂಬರ್ ಹುಡುಕಿ. ಬ್ರ್ಯಾಂಡ್ ಹೆಸರಷ್ಟೇ ಸಾಲದು, ಒಂದೇ ಕಂಪನಿಯ ಎಲ್ಲ ಮಾಡೆಲ್‌ಗಳೂ ಪರೀಕ್ಷೆಯಾಗಿರುವುದಿಲ್ಲ. ಡಬ್ಬದ ಮೇಲಿನ "ಕ್ಲಿನಿಕಲಿ ಟೆಸ್ಟೆಡ್" ನಂಬಿ ದುಡ್ಡು ಕೊಡಬೇಡಿ.