ಹೊಸ ರ‍್ಯಾಕು ಶುಗರ್ ಮಾತ್ರೆಗೋ, ಪ್ರೋಟೀನ್ ಡಬ್ಬಕ್ಕೋ?

ಪ್ರಶ್ನೆ (ಹಾಸನ, ಸಾಲಗಾಮೆ ರಸ್ತೆ): ಮೆಡಿಕಲ್‌ನಲ್ಲಿ ಹೊಸದಾಗಿ ಒಂದು ರ‍್ಯಾಕ್ ಹಾಕಿಸಿದ್ದೀನಿ, ಕೈಯಲ್ಲಿ 50,000 ಇದೆ. ಶುಗರ್-ಬಿಪಿ ಮಾತ್ರೆ ಜಾಸ್ತಿ ಇಡ್ಲಾ, ಪ್ರೋಟೀನ್ ಪೌಡರ್ ಇಡ್ಲಾ? ಪೌಡರಲ್ಲಿ ನೂರಕ್ಕೆ 25 ಉಳಿಯುತ್ತೆ, ಮಾತ್ರೇಲಿ 16-17 ಅಷ್ಟೇ. ಸ್ಟಾಕಿಸ್ಟ್ ಪೌಡರ್‌ಗೆ 10ಕ್ಕೆ 2 ಫ್ರೀ ಅಂತಿದ್ದಾರೆ. ಹೋದ ವರ್ಷ ಮಾತ್ರೆ 14.4 ಲಕ್ಷ ಮಾರಿ 2.4 ಲಕ್ಷ ಉಳೀತು, ಪೌಡರ್ 4 ಲಕ್ಷ ಮಾರಿ 1 ಲಕ್ಷ. ಎರಡರಲ್ಲೂ ಸುಮಾರು ಒಂದೊಂದು ಲಕ್ಷದ ಸ್ಟಾಕ್ ಇದೆ.

ಅರಸೀಕೆರೆಯಿಂದ ಒಬ್ಬರು: ಇದರಲ್ಲಿ ಯೋಚನೆ ಮಾಡೋದೇನಿದೆ ಅಣ್ಣ, ಬೇಗ ಓಡೋದನ್ನ ಇಡಿ. ಮಾತ್ರೆ ಸ್ಟಾಕು ವರ್ಷಕ್ಕೆ 12 ಸಲ ತಿರುಗಿದೆ, ಪೌಡರ್ 3 ಸಲ. 12 ಇಂಟು 16.7 ಮಾಡಿದ್ರೆ ಹತ್ತಿರ ಹತ್ತಿರ 200, ಅಂದ್ರೆ ರೂಪಾಯಿಗೆ ಎರಡು ರೂಪಾಯಿ. ಪೌಡರ್‌ಗೆ 3 ಇಂಟು 25, ಮುಕ್ಕಾಲು ರೂಪಾಯಿ. ಪೂರ್ತಿ 50,000 ಮಾತ್ರೆಗೇ ಹಾಕಿ.

ಹಾಸನದಲ್ಲಿ ಮೆಡಿಕಲ್‌ಗಳ ಲೆಕ್ಕ ನೋಡುವವರು: ಅರಸೀಕೆರೆಯವರು ಹಿಡಿದ ದಾರಿ ಸರಿ, ಗುಣಾಕಾರ ತಪ್ಪಿದೆ. ಎಷ್ಟು ಸಲ ತಿರುಗಿತು ಅನ್ನೋದನ್ನ ಖರೀದಿ ಬೆಲೆ ಮೇಲೆ ತೆಗೆದು, ಮಾರ್ಜಿನ್ ಮಾತ್ರ ಮಾರಿದ ಬೆಲೆ ಮೇಲಿಂದು ತಗೊಂಡಿದ್ದೀರಿ. ಎರಡೂ ಖರೀದಿ ಬೆಲೆ ಮೇಲೇ ಇರಬೇಕು. ಮಾತ್ರೆಗೆ 12 ಲಕ್ಷದ ಮಾಲಿನ ಮೇಲೆ 2.4 ಲಕ್ಷ ಅಂದ್ರೆ ನೂರಕ್ಕೆ 20. ಅದನ್ನ 12ರಿಂದ ಗುಣಿಸಿದ್ರೆ ರೂಪಾಯಿಗೆ 2.40. ಪೌಡರ್‌ಗೆ ನೂರಕ್ಕೆ 33, ಮೂರು ಸಲ, ಅಂದ್ರೆ ಒಂದು ರೂಪಾಯಿ. ಗುಣಾಕಾರವೇ ಬೇಡ ಅನ್ನೋರು ವರ್ಷದ ಲಾಭವನ್ನ ಸರಾಸರಿ ಸ್ಟಾಕಿಂದ ಭಾಗಿಸಿದ್ರೆ ಸಾಕು, ಅದೇ ಜಿಎಂಆರ್‌ಒಐ. ಈ ಗೊಂದಲ ನಮ್ಮ ಲೈನಲ್ಲಿ ಹಳೇದು. ಬೆಲೆ ನಿಯಂತ್ರಣದ ಔಷಧಿಗೆ 16 ಪರ್ಸೆಂಟ್ ಅಂತೀವಲ್ಲ, 2013ರ ಆದೇಶದಲ್ಲಿ ಅದನ್ನ ಅಂಗಡಿಯವರ ಖರೀದಿ ಬೆಲೆ ಮೇಲೆ ಕೂಡಿಸ್ತಾರೆ. ಮಾರಿದ ಬೆಲೆ ಮೇಲೆ ನೋಡಿದ್ರೆ ಅದು 14ಕ್ಕೂ ಕಮ್ಮಿ.

ಆದ್ರೆ ಪ್ರಶ್ನೆ ಕೇಳಿದವರೇ, 2.40 ಬಂತು ಅಂತ ನಾಳೆಯೇ 50,000ದ ಮಾತ್ರೆ ತರಿಸಬೇಡಿ. ಅದು ಈಗಾಗಲೇ ಇರೋ ಒಂದು ಲಕ್ಷ ದುಡಿದದ್ದು. ಹೊಸ 50,000 ಅಷ್ಟೇ ದುಡಿಯುತ್ತೆ ಅಂತ ಯಾರು ಹೇಳಿದ್ರು? ಶುಗರ್ ಪೇಷೆಂಟ್ ತಿಂಗಳಿಗೆ ಮೂರು ಸ್ಟ್ರಿಪ್ ತಗೊಳ್ತಾರೆ. ನೀವು ರ‍್ಯಾಕ್ ತುಂಬಿಸಿದ್ರೆ ನಾಲ್ಕು ನುಂಗೋದಿಲ್ಲ. ಬಂದವರಿಗೆಲ್ಲ ಈಗಲೇ ಮಾತ್ರೆ ಸಿಗ್ತಿದ್ರೆ ಲಾಭ 2.4 ಲಕ್ಷವೇ ಉಳಿದು ಸ್ಟಾಕ್ ಒಂದೂವರೆ ಲಕ್ಷ ಆಗುತ್ತೆ. 2.40 ಇದ್ದದ್ದು 1.60ಕ್ಕೆ ಇಳಿಯುತ್ತೆ, ಹೊಸ ದುಡ್ಡು ಒಂದು ಪೈಸೆ ತರಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಶಾರ್ಟ್ ಬುಕ್ಕಲ್ಲಿದೆ. ಹುಡುಗರು ಅದರಲ್ಲಿ ಖಾಲಿಯಾದ ಐಟಂ ಮಾತ್ರ ಬರೀತಾರೆ. ಒಂದು ತಿಂಗಳು, ಗಿರಾಕಿ ಕೇಳಿ "ಇಲ್ಲ" ಅನ್ನಿಸಿಕೊಂಡು ವಾಪಸ್ ಹೋದ ಪ್ರತಿ ಚೀಟಿಯನ್ನೂ ಬರೆಸಿ: ಯಾವ ಮಾತ್ರೆ, ಎಷ್ಟು ಸ್ಟ್ರಿಪ್. ಸಂಜೆ ಬನ್ನಿ ಅಂದಾಗ ಬಂದವರನ್ನ ಬಿಟ್ಟುಬಿಡಿ, ಆ ವ್ಯಾಪಾರ ಹೋಗಿಲ್ಲ.

ಇನ್ನೊಂದು. ಆ ಒಂದೊಂದು ಲಕ್ಷ ಎಲ್ಲಿಂದ ತೆಗೆದ್ರಿ? ಮಾರ್ಚ್ 31ರ ಸ್ಟಾಕ್ ಆದ್ರೆ ನಂಬಬೇಡಿ, ಆ ಹೊತ್ತಿಗೆ ಎಕ್ಸ್‌ಪೈರಿ ಎಲ್ಲ ವಾಪಸ್ ಕಳಿಸಿ ಅಂಗಡಿ ತೆಳ್ಳಗಾಗಿರುತ್ತೆ. ಹನ್ನೆರಡು ತಿಂಗಳ ಕೊನೆಯ ಸ್ಟಾಕ್ ಕೂಡಿಸಿ ಭಾಗಿಸಿ. ಜಿಎಸ್‌ಟಿ ಬಿಟ್ಟು, ಖರೀದಿ ರೇಟಲ್ಲಿ.

ಬೇಲೂರಿಂದ: ನಮ್ಮಲ್ಲಿ ದನದ ಔಷಧಿಯೂ ಇದೆ. ಕ್ಯಾಲ್ಸಿಯಂ ಕ್ಯಾನು ಅರ್ಧ ರ‍್ಯಾಕ್ ತಿನ್ನುತ್ತೆ, ಮಾರ್ಜಿನ್ ಚೆನ್ನಾಗಿದೆ. ಕಣ್ಣಿಗೆ ಕಾಣೋ ಹಾಗೆ ಬಾಗಿಲಲ್ಲಿ ಇಡೋದಾ, ಒಳಗಾ?

ಲೆಕ್ಕ ನೋಡುವವರು: ಅದು ಜೋಡಿಸೋ ವಿಚಾರ ಸಾರ್, ಇಲ್ಲಿ ಕೇಳಿರೋದು ಎಷ್ಟು ತರಿಸಬೇಕು ಅಂತ. ಆದ್ರೂ ನಿಮ್ಮ ಕ್ಯಾನಿಂದ ಒಂದು ಮಾತು ನೆನಪಾಯ್ತು. ದುಡ್ಡಿಗಿಂತ ಜಾಗವೇ ಕಷ್ಟ ಇದ್ರೆ ಲಾಭವನ್ನ ರ‍್ಯಾಕಿನ ಅಡಿಯಿಂದಲೂ ಭಾಗಿಸಿ ನೋಡಿ. ಜಿಎಂಆರ್‌ಒಐಗೆ ಕ್ಯಾನಿನ ಗಾತ್ರ ಗೊತ್ತಾಗಲ್ಲ.

ಮೂಡಿಗೆರೆಯಿಂದ: ವರ್ಷದ ಸರಾಸರಿ ನಮ್ಮ ಕಡೆ ಕೈ ಕೊಡುತ್ತೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೆಮ್ಮಿನ ಸಿರಪ್, ಫಂಗಸ್ ಮುಲಾಮು ತರಿಸಿದಷ್ಟೂ ಹೋಗುತ್ತೆ. ಜನವರೀಲಿ ಅದೇ ಮುಲಾಮು ಧೂಳು ಹಿಡಿಯುತ್ತೆ. ನಾನು ಮೂರು ಮೂರು ತಿಂಗಳಿಗೆ ಲೆಕ್ಕ ತೆಗೆದು ನಾಲ್ಕರಿಂದ ಗುಣಿಸ್ತೀನಿ.

ಪ್ರಶ್ನೆ ಕೇಳಿದವರು (ಒಂದು ತಿಂಗಳ ನಂತರ): ಸಾರ್, ಎರಡೂ ಕಡೆ ಸಿಕ್ಕಿಬಿದ್ದೆ. ಮಾತ್ರೆ ಸ್ಟಾಕ್ ಮಾರ್ಚಿಂದೇ ಆಗಿತ್ತು, ತಿಂಗಳ ಸರಾಸರಿ 1,20,000 ಬಂತು. ಪೌಡರ್ ಒಂದು ಲಕ್ಷ ಅಂದಿದ್ದು ಸಾಫ್ಟ್‌ವೇರ್ ಎಂಆರ್‌ಪಿಯಲ್ಲಿ ತೋರಿಸಿದ್ದು, ಖರೀದಿ ರೇಟಲ್ಲಿ 75,000. ಈಗ ಮಾತ್ರೆ 2.00, ಪೌಡರ್ 1.33. ಅಂತರ ಕಮ್ಮಿ ಆಯ್ತು, ಮಾತ್ರೆಯೇ ಮುಂದೆ.

ಶಾರ್ಟ್ ಬುಕ್ ನೋಡಿ ನಗು ಬಂತು. ತಿಂಗಳಲ್ಲಿ ವಾಪಸ್ ಹೋದದ್ದು 7,200ರ ಮಾತ್ರೆ, ಅದರಲ್ಲಿ ಮುಕ್ಕಾಲು ಪಾಲು ಒಂಬತ್ತೇ ಐಟಂ. ಮೆಟ್‌ಫಾರ್ಮಿನ್ 500 ಬಾಕ್ಸ್‌ಗಟ್ಟಲೆ ಇದೆ, ಜನ ವಾಪಸ್ ಹೋಗಿದ್ದು ಒಬ್ಬ ಹೊಸ ಡಾಕ್ಟರ್ ಬರೆಯೋ ಕಾಂಬಿನೇಷನ್‌ಗೆ. ಪೌಡರ್ ಇಳಿಸಿ ನೋಡಿದ್ರೆ ಹಿಂದಿನ ಸಾಲಲ್ಲಿ ಸ್ಟ್ರಾಬೆರಿ 14 ಡಬ್ಬ, ಎಕ್ಸ್‌ಪೈರಿಗೆ ಐದು ತಿಂಗಳು.

ಲೆಕ್ಕ ನೋಡುವವರು: ಸಿಕ್ತಲ್ಲ. ತಿಂಗಳಿಗೆ 7,200 ಅಂದ್ರೆ 1,200 ಲಾಭ ಬಾಗಿಲಿಂದ ವಾಪಸ್ ಹೋಗ್ತಿದೆ, ವರ್ಷಕ್ಕೆ 14,400. ಆ ಐಟಂಗಳಿಗೆ 8,000ದ ಸ್ಟಾಕ್ ಸಾಕು. ಪೂರ್ತಿ ಹಿಡಿದ್ರೆ ರೂಪಾಯಿಗೆ 1.80 ಬೀಳುತ್ತೆ. ಡಾಕ್ಟರ್ ಮೂರು ತಿಂಗಳಲ್ಲಿ ಬ್ರಾಂಡ್ ಬದಲಿಸಿದ್ರೆ ಈ ಲೆಕ್ಕ ಕೆಡುತ್ತೆ, ಅದಕ್ಕೆ ಒಂದೇ ಸಲ ಬಾಕ್ಸ್ ತರಿಸದೆ ವಾರ ವಾರ ತರಿಸಿ. ಸ್ಟಾಕಿಸ್ಟ್ ಊರಲ್ಲೇ ಇದ್ದಾರೆ. ಉಳಿದ 42,000 ಬ್ಯಾಂಕಲ್ಲಿರಲಿ.

10ಕ್ಕೆ 2 ಕೆಟ್ಟದ್ದಲ್ಲ. ತಿಂಗಳಿಗೆ ನಾಲ್ಕು ಡಬ್ಬ ಹೋಗೋ ಚಾಕೊಲೇಟ್ ಆದ್ರೆ 12 ಡಬ್ಬ ಮೂರು ತಿಂಗಳಲ್ಲಿ ಮುಗಿಯುತ್ತೆ, ತಗೊಳ್ಳಿ. ತಿಂಗಳಿಗೆ ಒಂದು ಹೋಗೋದಕ್ಕೆ ತಗೊಂಡ್ರೆ ಫ್ರೀ ಬಂದ ಎರಡೇ ಕೊನೆಗೆ ಎಕ್ಸ್‌ಪೈರಿ ಡಬ್ಬಕ್ಕೆ ಬೀಳೋದು. ಸ್ಟ್ರಾಬೆರಿ ಈಗಲೇ ವಾಪಸ್ ಕೇಳಿ, ಒಪ್ಪದಿದ್ರೆ ಖರೀದಿ ರೇಟಿಗೇ ಮಾರಿ. ನಷ್ಟವಾದದ್ದನ್ನ ಪೌಡರ್ ಲಾಭದಿಂದಲೇ ಕಳೀರಿ, ಬೇರೆ ಖರ್ಚಲ್ಲಿ ಮುಚ್ಚಿಡಬೇಡಿ.

ಚಿಕ್ಕಮಗಳೂರಿನ ಫಾರ್ಮಸಿಸ್ಟ್ ಮೇಡಂ: ಒಂದು ತಕರಾರು. ನಮ್ಮಲ್ಲಿ ಮೂರ್ಛೆ ರೋಗದ ಒಂದು ಮಾತ್ರೆ ಇದೆ, ತಗೊಳ್ಳೋದು ಇಬ್ಬರೇ. ಈ ಲೆಕ್ಕಕ್ಕೆ ಹಾಕಿದ್ರೆ 0.40 ಬರುತ್ತೆ, ಮೊದಲು ತೆಗೀಬೇಕಾದ್ದೇ ಅದು. ಆದ್ರೆ ಆ ಇಬ್ಬರೂ ಇಡೀ ಮನೆಯ ಔಷಧಿ ನನ್ನ ಹತ್ತಿರ ತಗೊಳ್ತಾರೆ. ಅದನ್ನ ಯಾವ ಕಾಲಮ್ಮಿಗೆ ಬರೀಲಿ?

ಲೆಕ್ಕ ನೋಡುವವರು: ಬಿಲ್ ಪ್ರಕಾರ ನೋಡಬಹುದು ಮೇಡಂ, ಆ ಮಾತ್ರೆ ಇರೋ ಬಿಲ್‌ಗಳ ಒಟ್ಟು ಲಾಭ ತೆಗೆದು. ಆದ್ರೆ ಮಾತ್ರೆ ಇಲ್ಲದಿದ್ರೂ ಅವರು ಬರ್ತಿದ್ರಾ ಅನ್ನೋದು ಬಿಲ್ಲಲ್ಲಿ ಇರಲ್ಲ.

ಅರಸೀಕೆರೆಯವರು: ಅಂಥದ್ದನ್ನ ಆರ್ಡರ್ ಮೇಲೆ ತರಿಸಿ ಮೇಡಂ, ಎರಡು ದಿನ ಮುಂಚೆ ಫೋನ್ ಮಾಡ್ತಾರೆ.

ಮೇಡಂ: ಮೂರ್ಛೆ ಮಾತ್ರೆ ಒಂದು ಹೊತ್ತು ತಪ್ಪಬಾರದು ಅಣ್ಣ. ಅವರು ಫೋನ್ ಮರೆತ ದಿನಕ್ಕೇ ನಾನು ಒಂದು ಸ್ಟ್ರಿಪ್ ಎತ್ತಿಟ್ಟಿರೋದು.