ತಾಮ್ರದ ಹಂಡೆ ಎಣ್ಣೆ ಸುರಿದ ಹಾಗೆ ಹೊಳೆಯುತ್ತಿದೆ, ರಫ್‌ನೆಸ್ ತಪ್ಪೋ ಮೆಟಾಲಿಕ್ ತಪ್ಪೋ?

ಪ್ರಶ್ನೆ: ತುಮಕೂರಿನ ವಿದ್ಯಾರ್ಥಿ

ಹಳ್ಳಿ ಮನೆ ಸೀನ್‌ಗೆ ಬಚ್ಚಲು ಮನೆಯ ಹಂಡೆ ಮಾಡಿದ್ದೇನೆ. ತಾಮ್ರ, ಕೆಳಗೆ ಮಸಿ, ಬಾಯಿಯಿಂದ ಇಳಿದ ಉಪ್ಪು ನೀರಿನ ಬಿಳಿ ಕಲೆ. ಸಬ್‌ಸ್ಟೆನ್ಸ್ ಪೇಂಟರ್‌ನಲ್ಲಿ ಪರವಾಗಿಲ್ಲ ಅನ್ನಿಸಿತು. ಅನ್‌ರಿಯಲ್‌ಗೆ ತಂದರೆ ಇಡೀ ಹಂಡೆಗೆ ಎಣ್ಣೆ ಸುರಿದ ಹಾಗಿದೆ, ಮಸಿ ಕೂಡ ಮಿಂಚುತ್ತದೆ. ಬಿಳಿ ಕಲೆ ಬೆಳ್ಳಿ ಪೇಂಟ್ ಥರ ಕಾಣುತ್ತದೆ. ಇದು ಹಳೇ ಹಂಡೆ, ಎಲ್ಲಾ ಕಡೆ ಒಂದೇ ಥರ ಕೊಳೆ ಇರಲಿ ಅಂತ ಮೆಟಾಲಿಕ್ 0.6 ಕೊಟ್ಟಿದ್ದೇನೆ. ಎಲ್ಲಿ ತಪ್ಪಿದೆ ಅಕ್ಕ?

ಚಿಕ್ಕಬಳ್ಳಾಪುರ, ಮೊಬೈಲ್ ಗೇಮ್ ಮಾಡುವವರು

ರಫ್‌ನೆಸ್ ಉಲ್ಟಾ ಆಗಿದೆ ಬ್ರೋ. ಯೂನಿಟಿಯಲ್ಲಿ ನನಗೂ ಇದೇ ಆಗಿತ್ತು. ಅಲ್ಲಿ ಸ್ಮೂತ್‌ನೆಸ್ ಕೇಳುತ್ತದೆ, ರಫ್‌ನೆಸ್ ಅಲ್ಲ. ಮ್ಯಾಪನ್ನು ಇನ್ವರ್ಟ್ ಮಾಡಿ ಹಾಕಿ, ಸರಿಹೋಗುತ್ತದೆ.

ಕೋಲಾರ, ಪ್ರಾಪ್ ಆರ್ಟಿಸ್ಟ್

ಯೂನಿಟಿ ಬಗ್ಗೆ ಹೇಳಿದ್ದು ನಿಜ. ಆದರೆ ಇಲ್ಲಿ ಅದಲ್ಲ. ಅವರು ಹಾಕಿರುವ ಚಿತ್ರ ಇನ್ನೊಂದು ಸಲ ನೋಡಿ. ಮ್ಯಾಪ್ ಉಲ್ಟಾ ಆಗಿದ್ದರೆ ಮಸಿ ಎಲ್ಲಕ್ಕಿಂತ ಜಾಸ್ತಿ ಹೊಳೆಯಬೇಕಿತ್ತು, ಉಜ್ಜಿದ ಹೊಟ್ಟೆ ಭಾಗ ಮಂಕಾಗಬೇಕಿತ್ತು. ಇಲ್ಲಿ ಸಾಲು ಸರಿಯಾಗಿಯೇ ಇದೆ: ಹೊಟ್ಟೆ ಜಾಸ್ತಿ, ಕಲೆ ಕಡಿಮೆ, ಮಸಿ ಇನ್ನೂ ಕಡಿಮೆ. ಎಲ್ಲವೂ ಒಟ್ಟಿಗೆ ಹೊಳಪಿನ ಕಡೆಗೆ ಜಾರಿವೆ, ಅಷ್ಟೇ. ಹಾಗೆ ಜಾರಿದರೆ ನಾನು ಮೊದಲು ನೋಡುವುದು `sRGB` ಟಿಕ್.

ಅದು ಆನ್ ಇದ್ದರೆ ಎಂಜಿನ್ ನಿಮ್ಮ ರಫ್‌ನೆಸ್ ಮ್ಯಾಪನ್ನು ಫೋಟೋ ಅಂದುಕೊಂಡು ಬೂದು ಬಣ್ಣವನ್ನೆಲ್ಲ ಕೆಳಗೆ ಎಳೆಯುತ್ತದೆ. ನೀವು 128 ಬೂದು ಹಾಕಿ 0.5 ಅಂದುಕೊಂಡಿರುತ್ತೀರಿ. ಅದು ಓದುವುದು ಇಷ್ಟು:

```
((128/255 + 0.055) / 1.055) ^ 2.4 = 0.216
```

0.5 ಅಂದರೆ ಮಬ್ಬು ತಾಮ್ರ. 0.2 ಅಂದರೆ ಆಗತಾನೇ ಪಾಲಿಶ್ ಮಾಡಿದ ತಾಮ್ರ. ನಿಮ್ಮ ಎಣ್ಣೆ ಬಂದಿದ್ದು ಇಲ್ಲಿಂದ.

ಇದು ಸುಲಭಕ್ಕೆ ಸಿಕ್ಕಿಬೀಳದ ತಪ್ಪು, ಯಾಕೆಂದರೆ ಪೂರ್ತಿ ಕಪ್ಪು ಕಪ್ಪಾಗಿಯೇ ಇರುತ್ತದೆ, ಪೂರ್ತಿ ಬಿಳಿ ಬಿಳಿಯಾಗಿಯೇ ಇರುತ್ತದೆ, ನಡುವಿನ ಬೂದು ಮಾತ್ರ ಕೆಡುತ್ತದೆ. ಮೆಟಾಲಿಕ್ ಮ್ಯಾಪ್‌ನಲ್ಲಿ ಸಾಮಾನ್ಯವಾಗಿ ಕಪ್ಪು ಬಿಳಿ ಎರಡೇ ಇರುವುದರಿಂದ ಅಲ್ಲಿ ಏನೂ ಗೊತ್ತಾಗುವುದಿಲ್ಲ. ರಫ್‌ನೆಸ್ ಪೂರ್ತಿ ನಡುವಿನ ಬೂದಿನಲ್ಲೇ ಬದುಕುವ ಮ್ಯಾಪ್, ಪೆಟ್ಟೆಲ್ಲ ಅದಕ್ಕೇ. ಅನ್‌ರಿಯಲ್‌ನಲ್ಲಿ ಟೆಕ್ಸ್ಚರ್ ತೆರೆದು ಕಂಪ್ರೆಷನ್ನನ್ನು `Masks (no sRGB)` ಮಾಡಿ, `sRGB` ಟಿಕ್ ಹೋಗಿದೆಯಾ ನೋಡಿ. ಬ್ಲೆಂಡರ್‌ನಲ್ಲಿ ಇದೇ ಕೆಲಸಕ್ಕೆ `Non-Color`.

ನನ್ನ ಮಾತನ್ನು ಸುಮ್ನೆ ನಂಬಬೇಡಿ. ಎರಡು ಗೋಳ ಪಕ್ಕಪಕ್ಕ ಇಡಿ. ಒಂದಕ್ಕೆ ರಫ್‌ನೆಸ್ 0.5 ಅಂತ ನೇರವಾಗಿ ಸಂಖ್ಯೆ ಕೊಡಿ. ಇನ್ನೊಂದಕ್ಕೆ ಪೂರ್ತಿ 128 ಬೂದು ತುಂಬಿದ ಟೆಕ್ಸ್ಚರ್ ಕೊಡಿ. ಎರಡೂ ಒಂದೇ ಥರ ಕಂಡರೆ ಇಂಪೋರ್ಟ್ ಸರಿ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಪರೀಕ್ಷೆ ಗೊತ್ತಿರಲಿಲ್ಲ. ಒಂದು ಕಬ್ಬಿಣದ ಪೆಟ್ಟಿಗೆಯ ಹೊಳಪು ಕಡಿಮೆ ಮಾಡುತ್ತಾ ಎರಡು ದಿನ ಪೇಂಟ್ ಮಾಡಿದೆ. ಕೊನೆಗೆ ಇನ್ನೊಬ್ಬರು ಟಿಕ್ ತೆಗೆದ ಮೇಲೆ ಪೆಟ್ಟಿಗೆ ಸೀಮೆಸುಣ್ಣ ಬಳಿದ ಹಾಗಾಯಿತು, ಎರಡು ದಿನದ ಕೆಲಸ ಪೂರ್ತಿ ಅಳಿಸಬೇಕಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಇಂಪೋರ್ಟ್ ನೋಡಿ, ಆಮೇಲೆ ಬ್ರಷ್ ಮುಟ್ಟಿ.

ಇನ್ನು ಮೆಟಾಲಿಕ್ 0.6. ಇದು ಬೇರೆಯೇ ತಪ್ಪು, ಬೆಳ್ಳಿ ಕಲೆ ಬಂದಿದ್ದು ಇದರಿಂದ. ಲೋಹಕ್ಕೆ ತನ್ನದೇ ಮೈ ಬಣ್ಣ ಅಂತ ಇಲ್ಲ, ಅದು ಪ್ರತಿಫಲಿಸುವ ಬೆಳಕಿಗೇ ಬಣ್ಣ ಹಚ್ಚುತ್ತದೆ. ಹಾಗಾಗಿ ಮೆಟಾಲಿಕ್ 1 ಇರುವ ಕಡೆ ಎಂಜಿನ್ ಬೇಸ್ ಕಲರನ್ನು ಪ್ರತಿಫಲನದ ಬಣ್ಣವಾಗಿ ತೆಗೆದುಕೊಳ್ಳುತ್ತದೆ. 0 ಇರುವ ಕಡೆ ಅದೇ ಬಣ್ಣ ಮೈ ಬಣ್ಣವಾಗುತ್ತದೆ, ನೇರವಾಗಿ ನೋಡಿದಾಗ ಪ್ರತಿಫಲನ ಸುಮಾರು 4% ಮಾತ್ರ. ಉಪ್ಪಿನ ಕಲೆಗೆ ಬಿಳಿ ಕೊಟ್ಟು 0.6 ಇಟ್ಟರೆ ಅದು ಅರ್ಧಕ್ಕಿಂತ ಜಾಸ್ತಿ ಬಿಳಿ ಲೋಹ ಆಗುತ್ತದೆ, ಬೆಳ್ಳಿ ಥರ ಕಾಣದೆ ಇನ್ನೇನಾಗಬೇಕು? ಮಸಿಗೆ ಇದರ ಉಲ್ಟಾ ಕಷ್ಟ. ಇದ್ದ ಸ್ವಲ್ಪ ಮೈ ಬಣ್ಣವೂ ಹೋಗಿ ಕಪ್ಪು ತೂತಿನ ಹಾಗಾಗುತ್ತದೆ.

ಕೊಳೆ ಅಂದರೆ ಲೋಹ ಅರ್ಧ ಲೋಹವಾಗುವುದಲ್ಲ. ಲೋಹದ ಮೇಲೆ ಬೇರೆ ವಸ್ತು ಕೂತಿರುವುದು. ತಾಮ್ರ 1. ಮಸಿ, ಉಪ್ಪು, ಹಸಿರು ಕಿಲುಬು ಮೂರೂ 0.

ಚಿಂತಾಮಣಿ, ಪಾತ್ರೆ ಅಂಗಡಿ

ಹಂಡೆ ಹೊಳಪು ಜಾಸ್ತಿ ಆಯ್ತು ಅನ್ನುವವರನ್ನು ಇವತ್ತೇ ನೋಡಿದ್ದು, ನಮ್ಮ ಹತ್ತಿರ ಎಲ್ಲರೂ ಹೊಳಪು ಬರಲಿಲ್ಲ ಅಂತಲೇ ಬರುತ್ತಾರೆ. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಒರೆಸದೆ ಬಿಟ್ಟರೆ ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ಹಿಡಿಯ ರಿವೆಟ್ ಸುತ್ತ ಕೈ ಹೋಗುವುದಿಲ್ಲ, ಅಲ್ಲಿ ಯಾವಾಗಲೂ ಹಸಿರು ಕಿಲುಬು. ಒಳಗೆ ಕಲಾಯಿ ಹಾಕಿಸಿದ್ದೀರಾ?

ತುಮಕೂರಿನ ವಿದ್ಯಾರ್ಥಿ

ಇದು ಗೇಮ್‌ಗೆ ಮಾಡಿದ ಕಂಪ್ಯೂಟರ್ ಹಂಡೆ ಸರ್, ನಿಜವಾದದ್ದಲ್ಲ. ಆದರೆ ರಿವೆಟ್ ವಿಷಯ ನನಗೆ ಗೊತ್ತೇ ಇರಲಿಲ್ಲ.

ಕೋಲಾರ, ಪ್ರಾಪ್ ಆರ್ಟಿಸ್ಟ್

ಅಂಗಡಿ ಅಣ್ಣ ಹೇಳಿದ್ದೇ ನಿಮ್ಮ ರಫ್‌ನೆಸ್ ಮ್ಯಾಪ್. ಅದನ್ನು ಹಾಗೇ ಬರೆದಿಟ್ಟುಕೊಳ್ಳಿ. ಸ್ನಾನದ ನೀರಿನ ಹಂಡೆಗೆ ನಮ್ಮ ಮನೆಯಲ್ಲಿ ಕಲಾಯಿ ಇರಲಿಲ್ಲ, ನೀವೂ ಬಿಡಬಹುದು. ಹಾಕುವುದಾದರೆ ಒಳಗೂ ಮೆಟಾಲಿಕ್ 1, ಕಲಾಯಿಯೂ ಲೋಹವೇ. ಬೇಸ್ ಕಲರ್ ಮಾತ್ರ ಬೆಳ್ಳನೆ ಬೂದು.

ನಾನಾಗಿದ್ದರೆ ಹೀಗೆ ಕಟ್ಟುತ್ತಿದ್ದೆ. ಮೊದಲು ಇಡೀ ಹಂಡೆಗೆ ಒಂದು ತಾಮ್ರದ ಫಿಲ್ ಲೇಯರ್: ಮೆಟಾಲಿಕ್ 1, ರಫ್‌ನೆಸ್ 0.35, ಬೇಸ್ ಕಲರ್ 250, 209, 194 ಹತ್ತಿರ. ಈ ಬಣ್ಣ ತೀರಾ ತೆಳು ಗುಲಾಬಿ ಅನ್ನಿಸುತ್ತದೆ, ಹೆದರಬೇಡಿ. ಸುತ್ತಲಿನ ಬೆಳಕು ಬಿದ್ದಾಗ ತಾಮ್ರವಾಗುತ್ತದೆ. ಅದರ ಮೇಲೆ ಮಸಿಗೆ ಒಂದು ಲೇಯರ್, ಉಪ್ಪಿಗೆ ಒಂದು, ಕಿಲುಬಿಗೆ ಒಂದು. ಪ್ರತಿ ಲೇಯರ್‌ಗೂ ಒಂದೇ ಮಾಸ್ಕ್, ಆ ಮಾಸ್ಕ್ ಬಣ್ಣ, ಮೆಟಾಲಿಕ್, ರಫ್‌ನೆಸ್ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಮೂರಕ್ಕೂ ಬೇರೆ ಬೇರೆ ಮಾಸ್ಕ್ ಬಳಿದರೆ ಅಂಚುಗಳು ಕೂಡುವುದಿಲ್ಲ, ಬಿಳಿ ಕಲೆಯ ಸುತ್ತ ಒಂದು ಮಿಂಚುವ ಗೆರೆ ಬರುತ್ತದೆ. ಮಸಿಗೆ ರಫ್‌ನೆಸ್ 0.9, ಉಪ್ಪಿಗೆ 0.8 ಸುತ್ತಮುತ್ತ. ಇವು ನನ್ನ ಕಣ್ಣಿನ ಅಂದಾಜು, ನಿಮ್ಮ ಬೆಳಕಿನಲ್ಲಿ ನೋಡಿ ತಿದ್ದಿಕೊಳ್ಳಿ.

ಮಸಿ ಮುಗಿಯುವ ಜಾಗ ಹುಷಾರು. ಅಲ್ಲಿ ಮೆತ್ತಗಿನ ಬ್ರಷ್ ಎಳೆದರೆ ಅಗಲವಾದ ಒಂದು ಪಟ್ಟಿಯೇ ಅರ್ಧ ಲೋಹ ಆಗುತ್ತದೆ. ಅದರ ಬದಲು ಮಾಸ್ಕ್‌ನ ಅಂಚನ್ನು ಸಣ್ಣ ಚುಕ್ಕೆಗಳಾಗಿ ಒಡೆಯಿರಿ. ದೂರದಿಂದ ಮೆತ್ತಗೆ ಮಾಸಿದ ಹಾಗೆಯೇ ಕಾಣುತ್ತದೆ, ಹತ್ತಿರ ಹೋದರೆ ಒಂದೊಂದು ಚುಕ್ಕೆಯೂ ಒಂದೋ ಮಸಿ, ಇಲ್ಲಾ ತಾಮ್ರ.

ಆಮೇಲೆ ತಾಮ್ರದೊಳಗಿನ ರಫ್‌ನೆಸ್. ಇದಕ್ಕೆ ಸಮಯ ಕೊಡಿ, ಹಂಡೆಗೆ ಜೀವ ಬರುವುದು ಇಲ್ಲೇ. ಉಜ್ಜುವ ಕೈ ಹೊಟ್ಟೆಯ ಸುತ್ತ ಗುಂಡಗೆ ಓಡುತ್ತದೆ, ಹಾಗಾಗಿ ಗೆರೆಗಳು ಅಡ್ಡಕ್ಕೆ ಸುತ್ತಬೇಕು, ಮೇಲಿಂದ ಕೆಳಗಲ್ಲ. ಹೊಟ್ಟೆ ಉಬ್ಬಿದ ಕಡೆ 0.25ರ ತನಕ ಇಳಿಸಿ. ಕುತ್ತಿಗೆಯ ಮಡಿಕೆಗೆ ಕೈ ಸರಿಯಾಗಿ ಹೋಗುವುದಿಲ್ಲ, ಅಲ್ಲಿ 0.5. ಬಾಯಿ ಅಂಚಿನಲ್ಲಿ ಚೊಂಬು ದಿನಾ ತಗಲುವ ಒಂದು ಜಾಗ ಇರುತ್ತದೆ, ಒಂದೇ ಕಡೆ, ಅಂಗೈ ಅಗಲ. ಅಲ್ಲಿ ಸಣ್ಣ ಸಣ್ಣ ಗೀರು, ಗೀರಿನ ನಡುವೆ ನುಣುಪು. ಇಡೀ ಹಂಡೆಗೆ ಒಂದೇ ನಾಯ್ಸ್ ಹಾಕಿಬಿಟ್ಟರೆ ಇದ್ಯಾವುದೂ ಬರುವುದಿಲ್ಲ. ರಫ್‌ನೆಸ್ ಚಾನಲ್ ಒಂದನ್ನೇ ತೆರೆದು ನೋಡಿ. ಬರೀ ಕಪ್ಪು ಬಿಳುಪಿನಲ್ಲೇ ಎಲ್ಲಿ ಉಜ್ಜಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಅಂತ ಗೊತ್ತಾಗಬೇಕು.

ಕುಣಿಗಲ್, ಆರ್ಕಿಟೆಕ್ಚರ್ ರೆಂಡರಿಂಗ್

ಒಟ್ಟಿನಲ್ಲಿ ಮೆಟಾಲಿಕ್‌ನಲ್ಲಿ ಬೂದು ಇರಲೇಬಾರದು ಅಲ್ವಾ ಮೇಡಂ? ನಾನು ಯಾವಾಗಲೂ ಲೆವೆಲ್ಸ್ ಹಾಕಿ ಪೂರ್ತಿ ಕಪ್ಪು ಬಿಳುಪು ಮಾಡಿಬಿಡುತ್ತೇನೆ.

ಕೋಲಾರ, ಪ್ರಾಪ್ ಆರ್ಟಿಸ್ಟ್

ಅಷ್ಟು ಬಿಗಿ ಬೇಡ ಸರ್. ಅಂಚಿನ ಒಂದೆರಡು ಪಿಕ್ಸೆಲ್ ಬೂದು ಇರಲೇಬೇಕು, ಇಲ್ಲದಿದ್ದರೆ ಹತ್ತಿರ ಹೋದಾಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ತೆಳುವಾಗಿ ಕೂತ ಧೂಳಿಗೂ ಸ್ವಲ್ಪ ಬೂದು ಒಪ್ಪುತ್ತದೆ, ಒಂದೇ ಪಿಕ್ಸೆಲ್‌ನಲ್ಲಿ ಧೂಳೂ ಇದೆ, ಲೋಹವೂ ಇದೆ. ಇಡೀ ವಸ್ತುವಿಗೆ ಒಂದೇ ಬೂದು ಬಳಿಯುವುದು ಮಾತ್ರ ಬೇಡ.

ಚಿಕ್ಕಬಳ್ಳಾಪುರ, ಮೊಬೈಲ್ ಗೇಮ್ ಮಾಡುವವರು

ಹಾಗಾದರೆ ನನ್ನ ಜುಮುಕಿ ಕಥೆ ಹೇಳಿ ಮೇಡಂ. ಯೂನಿಟಿಯಲ್ಲಿ ಮೆಟಾಲಿಕ್ 1 ಕೊಟ್ಟರೆ ಚಿನ್ನ ಕಪ್ಪಾಗುತ್ತದೆ. ಅದಕ್ಕೇ 0.5ಕ್ಕೆ ಇಳಿಸಿ ಕಳಿಸಿದ್ದೇನೆ.

ಕೋಲಾರ, ಪ್ರಾಪ್ ಆರ್ಟಿಸ್ಟ್

ಸುತ್ತ ಪ್ರತಿಫಲಿಸಲು ಏನೂ ಇಲ್ಲದಿದ್ದರೆ ಲೋಹ ಕಪ್ಪಾಗಿಯೇ ಕಾಣುತ್ತದೆ. ರಿಫ್ಲೆಕ್ಷನ್ ಪ್ರೋಬ್ ಹಾಕಿ ಬೇಕ್ ಮಾಡಿದ್ದೀರಾ?

ಚಿಕ್ಕಬಳ್ಳಾಪುರ, ಮೊಬೈಲ್ ಗೇಮ್ ಮಾಡುವವರು

ಹಾಕಿದ್ದೇನೆ, ಬೇಕ್ ಕೂಡ ಆಗಿದೆ. ಎಡಿಟರ್‌ನಲ್ಲಿ ಸರಿ ಇದೆ, ಫೋನಿನಲ್ಲಿ ಮಾತ್ರ ಕಪ್ಪು.

ಕೋಲಾರ, ಪ್ರಾಪ್ ಆರ್ಟಿಸ್ಟ್

ಹಾಗಿದ್ದರೆ ಫೋನಿನ ಸ್ಕ್ರೀನ್‌ಶಾಟ್, ಕ್ವಾಲಿಟಿ ಸೆಟ್ಟಿಂಗ್ ಎರಡೂ ಹಾಕಿ. ನೋಡದೆ ಹೇಳುವುದಿಲ್ಲ.

ತುಮಕೂರಿನ ವಿದ್ಯಾರ್ಥಿ

ಅಕ್ಕ, ಗೋಳದ ಪರೀಕ್ಷೆ ಮಾಡಿದೆ. ಎರಡೂ ಬೇರೆ ಬೇರೆ ಕಂಡವು. `sRGB` ಆನ್ ಇತ್ತು. ತೆಗೆದ ತಕ್ಷಣ ಎಣ್ಣೆ ಹೋಯಿತು. ಉಪ್ಪಿನ ಮೆಟಾಲಿಕ್ 0 ಮಾಡಿದೆ, ಈಗ ನಮ್ಮ ಬೋರ್ ನೀರಿನ ಕಲೆ ಥರವೇ ಇದೆ. ರಿವೆಟ್ ಸುತ್ತ ಕಿಲುಬೂ ಹಾಕಿದೆ. ಒಂದು ಉಳಿದಿದೆ. ಅಂಗಡಿ ಸರ್ ಹೇಳಿದ ಆ ಕಂದು ಬಣ್ಣಕ್ಕೆ 1 ಕೊಡಲಾ, 0 ಕೊಡಲಾ?

ಕೋಲಾರ, ಪ್ರಾಪ್ ಆರ್ಟಿಸ್ಟ್

ನಾನು 1 ಇಟ್ಟು ಬೇಸ್ ಕಲರನ್ನು ಕಂದು ಕಡೆಗೆ ಇಳಿಸಿ, ರಫ್‌ನೆಸ್ 0.45 ಮಾಡುತ್ತೇನೆ. ಆ ಪದರ ತೀರಾ ತೆಳು, ಅದರ ಮೂಲಕ ತಾಮ್ರ ಇನ್ನೂ ಹೊಳೆಯುತ್ತಿರುತ್ತದೆ.

ಕುಣಿಗಲ್, ಆರ್ಕಿಟೆಕ್ಚರ್ ರೆಂಡರಿಂಗ್

ಇಲ್ಲಿ ನಾನು ಒಪ್ಪುವುದಿಲ್ಲ ಮೇಡಂ. ವರ್ಷಗಟ್ಟಲೆ ಉಜ್ಜದ ಹಂಡೆ ಕಾಫಿ ಪುಡಿ ಬಣ್ಣಕ್ಕೆ ಬಂದಿರುತ್ತದೆ, ಅಲ್ಲಿ ತಾಮ್ರದ ಪ್ರತಿಫಲನ ಎಲ್ಲಿದೆ? ನಾನು 0 ಕೊಡುತ್ತೇನೆ.

ಕೋಲಾರ, ಪ್ರಾಪ್ ಆರ್ಟಿಸ್ಟ್

ಅಷ್ಟು ದಪ್ಪ ಆದ ಮೇಲೆ 0 ಸರಿ ಇರಬಹುದು. ಎಲ್ಲಿಂದ ಆಚೆ ದಪ್ಪ ಅನ್ನುವುದಕ್ಕೆ ನನ್ನ ಹತ್ತಿರ ಸಂಖ್ಯೆ ಇಲ್ಲ. ಚಿಂತಾಮಣಿ ಅಣ್ಣ, ನಿಮ್ಮ ಅಂಗಡಿಯಲ್ಲಿ ಅಂಥ ಹಳೇ ಹಂಡೆ ಇದ್ದರೆ ಬಿಸಿಲಿಗೆ ಇಟ್ಟು, ಓರೆಯಾಗಿ ಒಂದು, ನೇರವಾಗಿ ಒಂದು ಫೋಟೋ ಹಾಕ್ತೀರಾ? ಹೊಳಪಿನ ಚುಕ್ಕೆ ಕೆಂಪಗಿದೆಯೋ ಬೆಳ್ಳಗಿದೆಯೋ ನೋಡೋಣ. ಕೆಂಪಗಿದ್ದರೆ ಅದು ಇನ್ನೂ ತಾಮ್ರ.

ಚಿಂತಾಮಣಿ, ಪಾತ್ರೆ ಅಂಗಡಿ

ಹಳೇದು ಎರಡು ಬಂದಿವೆ, ಇನ್ನೂ ತೊಳೆದಿಲ್ಲ. ನಾಳೆ ಬೆಳಿಗ್ಗೆ ಹಾಕ್ತೀನಿ.