ಅಪ್‌ಡೇಟ್: ನಿಫ್ಟಿ ಫ್ಯೂಚರ್ಸ್ ಹೆಡ್ಜ್ ಮುಗಿಸಿದೆ

ನನ್ನ ಪ್ರಶ್ನೆ ಇದಾಗಿತ್ತು: "40 ಲಕ್ಷ ರೂಪಾಯಿಯ ಷೇರುಗಳಿವೆ, ಮಾರುವ ಮನಸ್ಸಿಲ್ಲ. ಒಂದು ತಿಂಗಳ ಕುಸಿತದಿಂದ ಕಾಪಾಡಲು ಎಷ್ಟು ನಿಫ್ಟಿ ಫ್ಯೂಚರ್ಸ್ ಮಾರಬೇಕು?"

ಪ್ರತಿ ಷೇರಿನ ಬೀಟಾವನ್ನು, ಅಂದರೆ ನಿಫ್ಟಿಗೆ ಹೋಲಿಸಿದರೆ ಅದು ಎಷ್ಟು ಪಟ್ಟು ಏರಿಳಿಯುತ್ತದೆ ಎಂಬುದನ್ನು, ಅದರಲ್ಲಿರುವ ಹಣದ ಪಾಲಿನಿಂದ ಗುಣಿಸಿ ಕೂಡಿದಾಗ 1.25 ಬಂತು. ಅಂದರೆ ನನ್ನ 40 ಲಕ್ಷ, ನಿಫ್ಟಿಯ ಏರಿಳಿತಕ್ಕೆ 50 ಲಕ್ಷದಂತೆ ಸ್ಪಂದಿಸುತ್ತದೆ. ಆಗ ಫ್ಯೂಚರ್ಸ್ ಬೆಲೆ 24,000, ಒಂದು ಕಾಂಟ್ರಾಕ್ಟಿನ ಲಾಟ್ 75 ಇತ್ತು; ಹಾಗಾಗಿ ಅದರ ಮೌಲ್ಯ 18 ಲಕ್ಷ. 50 ಭಾಗಿಸು 18 ಎಂದರೆ 2.78. ಮುಕ್ಕಾಲು ಕಾಂಟ್ರಾಕ್ಟ್ ಯಾರೂ ಕೊಡುವುದಿಲ್ಲವಲ್ಲ! ಮೂರು ಮಾರಿದೆ; ನಿಫ್ಟಿ ಇಳಿದರೆ ಇವುಗಳಲ್ಲಿ ಲಾಭ, ಏರಿದರೆ ನಷ್ಟ.

ಮೊದಲ ವಾರ ಮಾರುಕಟ್ಟೆ 400 ಅಂಶ ಏರಿತು. ಕಾಡಿದ್ದು ಇದೇ. ಷೇರುಗಳ ಲಾಭ ಕಾಗದದ ಮೇಲಿದ್ದರೆ, ಫ್ಯೂಚರ್ಸ್‌ನ 90,000 ರೂಪಾಯಿ ನಷ್ಟವನ್ನು ದಿನದಿನವೂ ನಗದಾಗಿ ಕಟ್ಟಬೇಕಾಯಿತು. ಅಡವಿಟ್ಟ ಷೇರುಗಳು ಭದ್ರತಾ ಠೇವಣಿಯಾದ ಮಾರ್ಜಿನ್‌ಗೆ ಸಲ್ಲುತ್ತವೆ, ದಿನದಿನದ ಈ ನಷ್ಟಕ್ಕಲ್ಲ. ಉಳಿತಾಯ ಖಾತೆಯಲ್ಲಿ ಹಣ ಇಟ್ಟುಕೊಂಡಿದ್ದರಿಂದ ಮಧ್ಯದಲ್ಲೇ ಕೈಬಿಡಬೇಕಾಗಲಿಲ್ಲ.

ಆಮೇಲೆ ಇಳಿಯಿತು. 22,800ಕ್ಕೆ ಮೂರನ್ನೂ ಮರಳಿ ಕೊಂಡೆ. ಫ್ಯೂಚರ್ಸ್‌ನಲ್ಲಿ ಒಟ್ಟು ಲಾಭ 2,70,000. ಬೀಟಾ ಪ್ರಕಾರ ಷೇರುಗಳು ಸುಮಾರು ಎರಡೂವರೆ ಲಕ್ಷ ಕಳೆದುಕೊಳ್ಳಬೇಕಿತ್ತು, ಕಳೆದುಕೊಂಡದ್ದು 3,10,000. ಹೆಚ್ಚುವರಿ ಪೆಟ್ಟು ಬಹುಪಾಲು ಒಂದೇ ಔಷಧ ಕಂಪನಿಯದು: ತ್ರೈಮಾಸಿಕ ಫಲಿತಾಂಶ ಕಳಪೆಯಾಗಿ ಅದು ತನ್ನಷ್ಟಕ್ಕೇ ಬಿತ್ತು. ಅಂಥ ಕುಸಿತವನ್ನು ಎಷ್ಟು ನಿಫ್ಟಿ ಮಾರಿದರೂ ತಡೆಯಲಾಗದು. ಶುಲ್ಕ, ತೆರಿಗೆ ಬಿಟ್ಟು ನಿವ್ವಳ ನಷ್ಟ 40,000.

ನನ್ನ ಪ್ರಶ್ನೆಗೆ "ಎರಡೇ ಕಾಂಟ್ರಾಕ್ಟ್ ಸಾಕು" ಎಂದವರಿಗೆ ಉತ್ತರ: ಆಗ ಲಾಭ 1,80,000ಕ್ಕೆ ನಿಲ್ಲುತ್ತಿತ್ತು.